ಇಪ್ಪತ್ತೊಂದರಲ್ಲಿ ಮುರಿದ ಸಾಧನೆ

ಚೆನ್ನೈನ ದಕ್ಷಿಣದ ತುದಿಯಲ್ಲಿ, ಸಿರುಸೇರಿಯ ಸಾಫ್ಟ್‌ವೇರ್ ಕಂಪನಿಗಳ ಕಟ್ಟಡಗಳ ನಡುವೆ, ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್ ಇದೆ. ಸಿ. ಎಸ್. ಶೇಷಾದ್ರಿಯವರು 1989ರಲ್ಲಿ ಆರಂಭಿಸಿದ ಈ ಸಂಸ್ಥೆ 1998ರಿಂದ ಬಿ.ಎಸ್‌ಸಿ. ತರಗತಿಗಳನ್ನೂ ನಡೆಸುತ್ತಿದೆ. ಕರ್ನಾಟಕದಲ್ಲಿ ಪಿಯುಸಿ ಮುಗಿಸಿ ಎಂಜಿನಿಯರಿಂಗ್ ಬೇಡ, ಗಣಿತವೇ ಬೇಕು ಎಂದು ಹಟ ಹಿಡಿದ ಕೆಲವು ಮಕ್ಕಳು ಇಲ್ಲಿಗೋ ನಗರದ ಬೇರೆ ಕಾಲೇಜುಗಳಿಗೋ ಬಂದು ಸೇರುತ್ತಾರೆ. ಊರಿನ ಶಾಲೆಯಲ್ಲಿ ನೂರಕ್ಕೆ ನೂರು ತೆಗೆದವರು ಇವರು. ಮೊದಲ ಸೆಮಿಸ್ಟರಿನ ಪ್ರಾಬ್ಲಮ್ ಸೆಟ್ ಕೈಗೆ ಬಂದಾಗ ಅದರಲ್ಲಿ ‘ಬೆಲೆ ಕಂಡುಹಿಡಿಯಿರಿ’ ಎಂಬ ಮಾತೇ ಇರುವುದಿಲ್ಲ. ಇರುವುದೆಲ್ಲ ‘ಸಾಧಿಸಿ’. ಎರಡು ದಿನ ಕೂತರೂ ಒಂದು ಲೆಕ್ಕ ಮುಗಿಯುವುದಿಲ್ಲ. ತಾನು ತಪ್ಪಿ ಇಲ್ಲಿಗೆ ಬಂದೆನೇನೋ ಎಂಬ ಅನುಮಾನ ಹಾಸ್ಟೆಲ್ ಕೋಣೆಯಲ್ಲಿ ಹುಟ್ಟುವುದು ಆಗ.

ಈ ಮಕ್ಕಳು ಗಣಿತದ ಕ್ಲಬ್ಬಿನಲ್ಲಿ ಕೇಳುವ ಹಿರಿಯ ವಿದ್ಯಾರ್ಥಿಯ ಮಾತು ಅಧ್ಯಾಪಕರ ಪಾಠಕ್ಕಿಂತ ಬೇರೆ. ಸಂಜೆ ತರಗತಿ ಮುಗಿದ ಮೇಲೆ ಮೂರನೇ ವರ್ಷದ ಒಬ್ಬ ಅಣ್ಣನೋ ಅಕ್ಕನೋ ಹಲಗೆಯ ಮುಂದೆ ನಿಂತು ಇಪ್ಪತ್ತು ನಿಮಿಷ, ಅರ್ಧ ಗಂಟೆ ಮಾತಾಡುತ್ತಾರೆ. ಎರಡು ವರ್ಷದ ಹಿಂದೆ ಇದೇ ಹಾಳೆಯ ಮುಂದೆ ಇವರೂ ಕೂತಿದ್ದವರು ಎಂಬುದೇ ಆ ಮಾತಿಗಿರುವ ಬೆಲೆ. ಆದರೆ ಇಂಥ ಮಾತುಗಳಲ್ಲಿ ಹೆಚ್ಚಿನವು ಆ ಬೆಲೆಯನ್ನು ಕೈಯಾರೆ ಕಳೆದುಕೊಳ್ಳುತ್ತವೆ. ಹಿರಿಯರು ಬಂದು ಒಂದು ಕಷ್ಟದ ಲೆಕ್ಕ ಬರೆದು, ಅದರ ಸೊಗಸಾದ ಸಾಧನೆಯನ್ನು ಆರು ಸಾಲಿನಲ್ಲಿ ಇಳಿಸಿ, ಚಪ್ಪಾಳೆ ಗಿಟ್ಟಿಸಿ ಹೋಗುತ್ತಾರೆ. ಆ ಆರು ಸಾಲು ಪುಸ್ತಕದಲ್ಲೂ ಇರುತ್ತದೆ. ಪುಸ್ತಕದಲ್ಲಿ ಇಲ್ಲದಿರುವುದು ಆರು ಸಾಲಿಗೆ ಮುಂಚೆ ಹರಿದು ಬಿಸಾಕಿದ ಹದಿನೈದು ಪುಟ. ಹಿರಿಯ ವಿದ್ಯಾರ್ಥಿ ತರಬೇಕಾದದ್ದು ಆ ಪುಟಗಳನ್ನು.

ಇದಕ್ಕೊಂದು ಉಪ ರೋಗವೂ ಇದೆ. ‘ಸೋಲು’ ಕುರಿತು ಮಾತಾಡುತ್ತೇನೆ ಎಂದು ಹೊರಟು, ನಾನು ಮೊದಲ ಸೆಮಿಸ್ಟರಿನಲ್ಲಿ ಎಷ್ಟು ಕಡಿಮೆ ಅಂಕ ತೆಗೆದಿದ್ದೆ, ಆಮೇಲೆ ಹೇಗೆ ಮೇಲೆದ್ದೆ ಎಂದು ಕತೆ ಹೇಳುವುದು. ಕೇಳಲು ಚೆನ್ನಾಗಿರುತ್ತದೆ, ಆದರೆ ಅದರಲ್ಲಿ ಗಣಿತ ಇರುವುದಿಲ್ಲ. ಆ ಕತೆಯ ನಾಯಕ ಮಾತಾಡುವವನು. ಇಲ್ಲಿ ನಾಯಕ ಆಗಬೇಕಾದದ್ದು ಮುರಿದು ಬಿದ್ದ ಒಂದು ಸಾಲು: ಅದು ಎಲ್ಲಿ ಮುರಿಯಿತು, ಯಾಕೆ ಮುರಿಯಿತು, ಮುರಿದದ್ದು ಹೇಗೆ ಗೊತ್ತಾಯಿತು.

ಹಾಗಾದರೆ ಆ ಇಪ್ಪತ್ತು ನಿಮಿಷ ಹೇಗಿರಬಹುದು? ಒಬ್ಬ ಹಿರಿಯ ವಿದ್ಯಾರ್ಥಿನಿಗೆ ಆ ಅವಕಾಶ ಸಿಕ್ಕಿದೆ ಎಂದುಕೊಳ್ಳಿ. ಅವಳು ಆರಿಸಿಕೊಳ್ಳಲು ಸಂಖ್ಯಾಶಾಸ್ತ್ರದ ಮೊದಲ ಹಾಳೆಗಳಲ್ಲಿ ಜೋಡಿಯಾಗಿ ಬರುವ ಎರಡು ಲೆಕ್ಕಗಳು ಸಾಕು. ಎರಡನ್ನು ಬಿಟ್ಟರೆ ಅವಿಭಾಜ್ಯ ಸಂಖ್ಯೆಗಳೆಲ್ಲ ಬೆಸ. ಬೆಸ ಸಂಖ್ಯೆಯನ್ನು ನಾಲ್ಕರಿಂದ ಭಾಗಿಸಿದರೆ ಶೇಷ ಒಂದು ಇಲ್ಲವೇ ಮೂರು. 5, 13, 17, 29 ಇವು ಒಂದು ಉಳಿಸುವ ಗುಂಪು, ಅಂದರೆ 4k+1 ರೂಪದವು. 3, 7, 11, 19 ಇವು ಮೂರು ಉಳಿಸುವ ಗುಂಪು, 4k+3. ಮೊದಲ ಲೆಕ್ಕ: 4k+3 ರೂಪದ ಅವಿಭಾಜ್ಯಗಳು ಅನಂತವಾಗಿವೆ ಎಂದು ಸಾಧಿಸಿ. ಎರಡನೇ ಲೆಕ್ಕ: 4k+1 ರೂಪದವೂ ಅನಂತವಾಗಿವೆ ಎಂದು ಸಾಧಿಸಿ.

ಮೊದಲನೆಯದು ಯೂಕ್ಲಿಡ್‌ನ ಹಳೆಯ ಉಪಾಯಕ್ಕೆ ಬಗ್ಗುತ್ತದೆ. ಅಂಥ ಅವಿಭಾಜ್ಯಗಳು ಮುಗಿದುಹೋಗುವ ಪಟ್ಟಿ ಎಂದುಕೊಳ್ಳಿ. ಎಲ್ಲವನ್ನೂ ಗುಣಿಸಿ, ನಾಲ್ಕರಿಂದ ಗುಣಿಸಿ, ಒಂದು ಕಳೆಯಿರಿ. ಬಂದ ಸಂಖ್ಯೆ N ನಾಲ್ಕರ ಗುಣಕಕ್ಕಿಂತ ಒಂದು ಕಡಿಮೆ, ಅಂದರೆ 4k+3 ರೂಪದ್ದು. ಅದರ ಅವಿಭಾಜ್ಯ ಅಪವರ್ತನಗಳೆಲ್ಲ 4k+1 ರೂಪದವೇ ಆಗಿದ್ದರೆ ಅವುಗಳ ಗುಣಲಬ್ಧವೂ 4k+1 ಆಗಬೇಕಿತ್ತು. ಆಗಿಲ್ಲ. ಆದ್ದರಿಂದ ಕನಿಷ್ಠ ಒಂದು ಅಪವರ್ತನ 4k+3 ರೂಪದ್ದು, ಅದು ಪಟ್ಟಿಯಲ್ಲಿ ಇರಲಾರದು, ಏಕೆಂದರೆ ಪಟ್ಟಿಯ ಯಾವುದೂ N ಅನ್ನು ಭಾಗಿಸುವುದಿಲ್ಲ. 3, 7, 11 ಎಂಬ ಪಟ್ಟಿ ಹಿಡಿದು ನೋಡಬಹುದು: 4 × 231 − 1 = 923 = 13 × 71. ಹದಿಮೂರು ಬೇರೆ ಗುಂಪಿನದು, ಇರಲಿ; ಎಪ್ಪತ್ತೊಂದು ಬೇಕಾದ ಗುಂಪಿನದು, ಹೊಸದು.

ಇದನ್ನು ಬರೆದು ಖುಷಿಯಾದ ಹುಡುಗ ಎರಡನೇ ಲೆಕ್ಕಕ್ಕೆ ಇದನ್ನೇ ನಕಲು ಮಾಡುತ್ತಾನೆ. ಇದು ನಾಚಿಕೆಪಡುವ ತಪ್ಪಲ್ಲ. ಬುದ್ಧಿ ಇರುವ ಯಾರಾದರೂ ಮೊದಲು ಮಾಡುವುದು ಇದನ್ನೇ. ಅವನ ಪುಟ ಹೀಗಿರುತ್ತದೆ: 4k+1 ರೂಪದ ಅವಿಭಾಜ್ಯಗಳ ಪಟ್ಟಿ ಮುಗಿಯುತ್ತದೆ ಎಂದುಕೊಳ್ಳೋಣ. ಎಲ್ಲವನ್ನೂ ಗುಣಿಸಿ, ನಾಲ್ಕರಿಂದ ಗುಣಿಸಿ, ಒಂದು ಕೂಡಿಸೋಣ. ಈ N ಎಂಬುದು 4k+1 ರೂಪದ್ದು. ಆದ್ದರಿಂದ ಅದಕ್ಕೆ 4k+1 ರೂಪದ ಒಂದು ಅವಿಭಾಜ್ಯ ಅಪವರ್ತನ ಇದೆ. ಅದು ಪಟ್ಟಿಯಲ್ಲಿಲ್ಲ. ಮುಗಿಯಿತು.

ವಾರದ ನಂತರ ಹಾಳೆ ವಾಪಸು ಬರುತ್ತದೆ, ಪಕ್ಕದಲ್ಲಿ ಕೆಂಪು ಗೆರೆ, ಸೊನ್ನೆ. ಹುಡುಗ ಹಾಳೆ ಮಡಚಿ ಒಳಗಿಡುತ್ತಾನೆ, ಗೆಳೆಯನ ಸರಿ ಉತ್ತರ ನೋಡಿ ನಕಲಿಳಿಸಿಕೊಳ್ಳುತ್ತಾನೆ. ಇಲ್ಲಿಯವರೆಗೆ ಅವನು ಕಲಿತದ್ದು ಏನೂ ಇಲ್ಲ. ‘ತಪ್ಪುಗಳಿಂದ ಕಲಿಯಬೇಕು’ ಎಂದು ಗೋಡೆಯ ಮೇಲೆ ಬರೆದರೂ ಕಲಿಯುವುದಿಲ್ಲ, ಏಕೆಂದರೆ ತಪ್ಪು ತಾನಾಗಿ ಏನನ್ನೂ ಹೇಳಿಕೊಡುವುದಿಲ್ಲ. ಅದನ್ನು ಕೂರಿಸಿಕೊಂಡು ವಿಚಾರಿಸಬೇಕು.

ಹಿರಿಯಳು ಹಲಗೆಯ ಮೇಲೆ ಆ ತಪ್ಪು ಪುಟವನ್ನು ಇದ್ದಂತೆಯೇ ಬರೆದು, ಮೊದಲು ಮಾಡಬೇಕಾದದ್ದು ಪಟ್ಟಿಗೆ ಸಣ್ಣ ಸಂಖ್ಯೆ ಹಾಕಿ ನೋಡುವುದು. ಯಾವ ಸಂಖ್ಯೆ ಎಂಬುದರಲ್ಲಿ ಒಂದು ಸೂಕ್ಷ್ಮ ಇದೆ. 13 ಒಂದನ್ನೇ ಹಾಕಿದರೆ 4 × 13 + 1 = 53. ಐವತ್ತಮೂರು ಅವಿಭಾಜ್ಯ, 4k+1 ರೂಪದ್ದು. ಎಲ್ಲ ಸರಿ ಇದೆ ಅನ್ನಿಸುತ್ತದೆ. 5 ಮತ್ತು 13 ಎರಡನ್ನೂ ಹಾಕಿದರೆ 261, ಅಂದರೆ 3 × 3 × 29. ಇಪ್ಪತ್ತೊಂಬತ್ತು ಸಿಕ್ಕಿತು, ಮತ್ತೆ ಸರಿ. ತನ್ನ ಸಾಧನೆಯ ಮೇಲೆ ಪ್ರೀತಿ ಇರುವವನು ಇಲ್ಲಿಗೇ ನಿಲ್ಲಿಸುತ್ತಾನೆ. 5 ಒಂದನ್ನೇ ಹಾಕಿದರೆ ಮಾತ್ರ 4 × 5 + 1 = 21 = 3 × 7. ಎರಡೂ 4k+3 ರೂಪದವು. ಬೇಕಾದ ಗುಂಪಿನ ಅಪವರ್ತನ ಒಂದೂ ಇಲ್ಲ. ತಪ್ಪನ್ನು ಹುಡುಕುವವರು ಹೊಂದಿಕೊಳ್ಳುವ ಉದಾಹರಣೆಯನ್ನಲ್ಲ, ಹೊಂದದಿರುವುದನ್ನು ಹುಡುಕಬೇಕು. ಅದು ಅತಿ ಸಣ್ಣ ಸಂಖ್ಯೆಯಲ್ಲೇ ಅಡಗಿರುವುದು ಹೆಚ್ಚು.

ಈಗ ಇಪ್ಪತ್ತೊಂದನ್ನು ಕೈಯಲ್ಲಿ ಹಿಡಿದು ಪುಟವನ್ನು ಮೇಲಿನಿಂದ ಒಂದೊಂದೇ ಸಾಲು ಓದಬೇಕು. N ಎಂಬುದು 4k+1 ರೂಪದ್ದು: 21ಕ್ಕೆ ಸರಿ. ಪಟ್ಟಿಯಲ್ಲಿರುವ 5 ಅದನ್ನು ಭಾಗಿಸುವುದಿಲ್ಲ: ಸರಿ. ‘ಆದ್ದರಿಂದ ಅದಕ್ಕೆ 4k+1 ರೂಪದ ಅಪವರ್ತನ ಇದೆ’: ಇಲ್ಲ. ಮುರಿದದ್ದು ಈ ‘ಆದ್ದರಿಂದ’ದಲ್ಲಿ. ಒಂದು ಪುಟದ ಸಾಧನೆಯಲ್ಲಿ ಹಾಳಾದದ್ದು ಒಂದೇ ಪದ, ಉಳಿದದ್ದೆಲ್ಲ ಗಟ್ಟಿ. ಇಡೀ ಪುಟವನ್ನು ಹರಿದು ಬಿಸಾಕುವವನಿಗೂ ಆ ಒಂದು ಪದದ ಮೇಲೆ ಬೆರಳಿಡುವವನಿಗೂ ಇರುವ ದೂರ ಬಹಳ ದೊಡ್ಡದು.

ಆ ಪದ ಮೊದಲ ಲೆಕ್ಕದಲ್ಲೂ ಇತ್ತಲ್ಲ, ಅಲ್ಲಿ ಯಾಕೆ ನಿಂತಿತು? 4k+1 ರೂಪದ ಸಂಖ್ಯೆಗಳನ್ನು ಎಷ್ಟು ಬೇಕಾದರೂ ಗುಣಿಸಿ, ಶೇಷ ಒಂದೇ ಉಳಿಯುತ್ತದೆ. ಆ ಗುಂಪಿನಿಂದ ಹೊರಗೆ ಬರುವ ದಾರಿ ಇಲ್ಲ. 4k+3 ರೂಪದ ಎರಡನ್ನು ಗುಣಿಸಿದರೆ ಮಾತ್ರ, ಮೂರು ಮೂರಲೇ ಒಂಬತ್ತು, ಒಂಬತ್ತರ ಶೇಷ ಒಂದು. ಅವು ಗುಂಪು ಬಿಟ್ಟು ಎದುರು ಗುಂಪಿಗೆ ಹಾರುತ್ತವೆ. ಮೊದಲ ಸಾಧನೆ ನಿಂತಿದ್ದದ್ದು ಈ ಏರುಪೇರಿನ ಮೇಲೆ. ಅದನ್ನು ಬರೆದು ಪೂರ್ಣ ಅಂಕ ಪಡೆದ ಹುಡುಗನಿಗೆ ಇದು ಗೊತ್ತಿರಲಿಲ್ಲ. ಎರಡನೇ ಲೆಕ್ಕದಲ್ಲಿ ತಪ್ಪಿದ ಮೇಲೆ, ಸರಿಯಾಗಿ ಮಾಡಿದ್ದ ಮೊದಲ ಲೆಕ್ಕ ಅವನಿಗೆ ಅರ್ಥವಾಯಿತು. ಕ್ಲಬ್ಬಿನಲ್ಲಿ ಹೇಳಬೇಕಾದ ಮಾತು ಇದು, ಪ್ರಾಬ್ಲಮ್ ಸೆಟ್ಟಿನ ಅಂಕಪಟ್ಟಿ ಇದನ್ನು ಎಂದೂ ಹೇಳುವುದಿಲ್ಲ.

ಇನ್ನೊಂದು ಪ್ರಶ್ನೆಯನ್ನೂ ಅವಳು ಕೇಳಬಹುದು. ಈ ತಪ್ಪು ಪುಟ ಸಾಧಿಸಿದ್ದಾದರೂ ಏನನ್ನು? ಹಾಳಾದ ಸಾಲನ್ನು ತೆಗೆದು ಉಳಿದದ್ದನ್ನು ಓದಿದರೆ, ಪಟ್ಟಿಯಲ್ಲಿ ಇಲ್ಲದ ಯಾವುದೋ ಒಂದು ಬೆಸ ಅವಿಭಾಜ್ಯ ಇದೆ ಎಂಬುದಷ್ಟು ಉಳಿಯುತ್ತದೆ. ಅದು ನಿಜ, ಆದರೆ ಅದು ಯೂಕ್ಲಿಡ್ ಹೇಳಿದ್ದೇ. ಅವನ ಬಲೆಗೆ ಮೀನು ಬಿದ್ದಿದೆ, ಬೇಕಾದ ಜಾತಿಯದಲ್ಲ.

ಇಲ್ಲಿಂದ ಮುಂದಿನ ಹೆಜ್ಜೆ ಇನ್ನೂ ಸ್ವಾರಸ್ಯದ್ದು. ತಪ್ಪು ಕಂಡ ಮೇಲೆ ಯಾರೂ ಹೊಸ ದಾರಿ ಹುಡುಕುವುದಿಲ್ಲ, ತೇಪೆ ಹಾಕುತ್ತಾರೆ. ತೇಪೆ ಹಾಕುವುದೂ ತಪ್ಪಲ್ಲ. ಹುಡುಗ ಯೋಚಿಸುತ್ತಾನೆ: ತೊಂದರೆ ಕೊಟ್ಟದ್ದು 3 ಮತ್ತು 7. ಅವನ್ನೂ ಗುಣಲಬ್ಧದೊಳಗೆ ಸೇರಿಸಿಬಿಟ್ಟರೆ ಅವು N ಅನ್ನು ಭಾಗಿಸಲಾರವು. ಪಟ್ಟಿಯಲ್ಲಿ 5 ಇರುವಾಗ 4 × 3 × 7 × 5 + 1 = 421, ಅವಿಭಾಜ್ಯ, 4k+1. ಗೆದ್ದೆ ಅನ್ನಿಸುತ್ತದೆ. ಪಟ್ಟಿಗೆ 13 ಸೇರಿಸಿದರೆ 4 × 3 × 7 × 5 × 13 + 1 = 5461, ಅಂದರೆ 43 × 127. ಎರಡೂ ಮತ್ತೆ 4k+3. ಸರಿ, 43 ಮತ್ತು 127 ಅನ್ನೂ ಒಳಗೆ ಹಾಕೋಣವೇ? ಹಾಕಿದರೆ ಇನ್ಯಾವುದೋ ಜೋಡಿ ಬರಬಹುದು.

ಇಂಥ ತೇಪೆ ಯಾವಾಗ ಕೆಲಸಕ್ಕೆ ಬಾರದು ಎಂದು ಹೇಗೆ ತಿಳಿಯುವುದು? ಈ ಲೆಕ್ಕದಲ್ಲಿ ಅದಕ್ಕೆ ಖಚಿತ ಉತ್ತರ ಇದೆ, ಅದೂ ಅದೇ ಹಾಳೆಯ ಮೇಲೆ. ತೇಪೆ ಗೆಲ್ಲಬೇಕಾದರೆ 4k+3 ರೂಪದ ಎಲ್ಲ ಅವಿಭಾಜ್ಯಗಳನ್ನೂ ಗುಣಲಬ್ಧದೊಳಗೆ ಕೂಡಿಹಾಕಬೇಕು. ಅವು ಅನಂತ ಎಂದು ಹುಡುಗ ತಾನೇ ಮೊದಲ ಲೆಕ್ಕದಲ್ಲಿ ಸಾಧಿಸಿದ್ದಾನೆ. ಒಂದೊಂದೇ ಬಾಗಿಲು ಮುಚ್ಚುವ ಕೆಲಸ ಮುಗಿಯುವಂಥದ್ದಲ್ಲ. ಈಗ ಪ್ರಶ್ನೆ ಬದಲಾಗುತ್ತದೆ: 4k+3 ರೂಪದ ಯಾವ ಅವಿಭಾಜ್ಯವೂ ಭಾಗಿಸಲಾಗದಂಥ ಸಂಖ್ಯೆಗಳು, ಹುಟ್ಟಿನಿಂದಲೇ ಹಾಗಿರುವಂಥವು, ಎಲ್ಲಾದರೂ ಇವೆಯೇ?

ಈ ಪ್ರಶ್ನೆಯನ್ನು ಕೇಳಿದವನಿಗೆ ಉತ್ತರ ಸಿಗಲು ಹೆಚ್ಚು ಹೊತ್ತು ಬೇಕಿಲ್ಲ. ವರ್ಗಕ್ಕೆ ಒಂದು ಕೂಡಿಸಿ ಬಂದ ಸಂಖ್ಯೆಗಳನ್ನು ಸಾಲಾಗಿ ಬರೆದು ಒಡೆದರೆ ಸಾಕು: 2, 5, 10, 17, 26, 37, 50, 65, 82, 101. ಇವುಗಳಲ್ಲಿ 3 ಎಲ್ಲೂ ಇಲ್ಲ. 7 ಇಲ್ಲ, 11 ಇಲ್ಲ. ಏಳರಿಂದ ವರ್ಗಗಳನ್ನು ಭಾಗಿಸಿದರೆ ಉಳಿಯುವುದು 0, 1, 2, 4 ಮಾತ್ರ. ಒಂದು ಕೂಡಿಸಿದರೆ 1, 2, 3, 5. ಸೊನ್ನೆ ಬರುವುದೇ ಇಲ್ಲ. ಎಲ್ಲ 4k+3 ಅವಿಭಾಜ್ಯಗಳಿಗೂ ಇದು ನಿಜವೇ ಎಂದರೆ, ಫರ್ಮಾನ ಸಣ್ಣ ಪ್ರಮೇಯ ಹೌದೆನ್ನುತ್ತದೆ. p ಎಂಬ ಅವಿಭಾಜ್ಯ x²+1 ಅನ್ನು ಭಾಗಿಸಿದರೆ x² ನ ಶೇಷ −1 ಎಂದಾಯಿತು. p ಎಂಬುದು 4k+3 ಆದರೆ p−1 ಎಂಬುದು 2 × (2k+1). x² ಅನ್ನು ಅದರಿಂದಲೇ 2k+1 ಸಲ, ಅಂದರೆ ಬೆಸ ಸಲ, ಗುಣಿಸಿದರೆ x ನ p−1 ನೇ ಘಾತ ಬರುತ್ತದೆ. −1 ಅನ್ನು ಬೆಸ ಸಲ ಗುಣಿಸಿದರೆ −1. ಫರ್ಮಾ ಪ್ರಕಾರ ಆ ಶೇಷ 1 ಆಗಬೇಕು. 1 ಮತ್ತು −1 ಒಂದೇ ಆಗಲು p ಎರಡೇ ಆಗಿರಬೇಕು, ಆಗಿಲ್ಲ. ಹಾಗಾಗಿ ಪಟ್ಟಿಯ ಗುಣಲಬ್ಧವನ್ನು ಎರಡರಿಂದ ಗುಣಿಸಿ, ವರ್ಗ ಮಾಡಿ, ಒಂದು ಕೂಡಿಸಿದರೆ ಬಂದ N ಬೆಸ, ಮತ್ತು ಅದರ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ 4k+1 ರೂಪದ್ದೇ, ಪಟ್ಟಿಯಲ್ಲಿ ಇಲ್ಲದ್ದೇ. 5 ಹಾಕಿದರೆ 101. 17 ಹಾಕಿದರೆ 34² + 1 = 1157 = 13 × 89.

ಪುಸ್ತಕಗಳಲ್ಲಿ ಈ ಸಾಧನೆ ‘N = (2P)² + 1 ಎಂದಿರಲಿ’ ಎಂದು ಶುರುವಾಗುತ್ತದೆ. ಓದುವ ಮಗುವಿಗೆ ಆ ವರ್ಗ ಎಲ್ಲಿಂದ ಬಂತು ಎಂಬುದು ದೇವರಿಗೇ ಗೊತ್ತು. 21 ಮತ್ತು 5461ರ ಮೂಲಕ ಬಂದವನಿಗೆ ಅದು ಎಲ್ಲಿಂದ ಬಂತು ಎಂದು ತಿಳಿದಿದೆ. ಎಲ್ಲವನ್ನೂ ಅವನು ತಾನೇ ಹೊಳೆಯಿಸಿಕೊಳ್ಳುತ್ತಾನೆ ಎಂದಲ್ಲ. ವರ್ಗಕ್ಕೆ ಒಂದು ಕೂಡಿಸಿ ನೋಡು ಎಂದು ಯಾರಾದರೂ ಸುಳಿವು ಕೊಡಬೇಕಾಗಬಹುದು. ಆದರೆ ಸುಳಿವು ಕೂರಲು ಅವನ ತಲೆಯಲ್ಲಿ ಸರಿಯಾದ ಆಕಾರದ ಒಂದು ತೂತು ಆಗಿರುತ್ತದೆ.

ಇದಕ್ಕೆ ಆಕ್ಷೇಪಗಳಿವೆ. ತಪ್ಪನ್ನು ಹಲಗೆಯ ಮೇಲೆ ಅಷ್ಟು ಹೊತ್ತು ಇಟ್ಟರೆ ತಪ್ಪೇ ನೆನಪಿನಲ್ಲಿ ಉಳಿಯುವುದಿಲ್ಲವೇ ಎಂದು ಕೆಲವು ಮೇಷ್ಟ್ರುಗಳು ಕೇಳುತ್ತಾರೆ. ಆ ಭಯ ಸುಳ್ಳಲ್ಲ. ಅದಕ್ಕೇ ತಪ್ಪು ಸಾಲನ್ನು ಬರೆದಾಗ ಅದನ್ನು ಮುರಿದ ಸಂಖ್ಯೆಯೂ ಅದರ ಪಕ್ಕದಲ್ಲೇ ಇರಬೇಕು. ‘4k+1 ಆದ್ದರಿಂದ 4k+1 ಅಪವರ್ತನ’ ಎಂಬುದರ ಎದುರು ‘21 = 3 × 7’ ಎಂದಿದ್ದರೆ ನೆನಪಿನಲ್ಲಿ ಉಳಿಯುವುದು ಜೋಡಿಯಾಗಿ. ಕೆಂಪು ಗೆರೆ ಎಳೆದು ಬಿಟ್ಟರೆ ತಪ್ಪು ಒಂದೇ ಉಳಿಯುತ್ತದೆ, ಯಾಕೆ ತಪ್ಪು ಎಂಬುದು ಉಳಿಯುವುದಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಎಲ್ಲ ತಪ್ಪೂ ಕೂರಿಸಿ ವಿಚಾರಿಸಲು ಯೋಗ್ಯವಲ್ಲ. 261 ಅನ್ನು ಅವಸರದಲ್ಲಿ ಅವಿಭಾಜ್ಯ ಎಂದು ಬರೆದರೆ ಅದರಿಂದ ಕಲಿಯುವುದೇನಿದೆ? ಏನೂ ಇಲ್ಲ, ತಿದ್ದಿ ಮುಂದೆ ಹೋಗಬೇಕು. ಎರಡು ಬಗೆಯನ್ನು ಬೇರೆ ಮಾಡಲು ಒಂದು ಸರಳ ಒರೆಗಲ್ಲು ಇದೆ. ತಪ್ಪಾದ ಜಾಗವನ್ನಷ್ಟೇ ತಿದ್ದಿದರೆ ಉಳಿದ ಪುಟ ಹಾಗೆಯೇ ನಿಲ್ಲುತ್ತದೆಯೇ? ನಿಂತರೆ ಅದು ಕೈತಪ್ಪು. ತಿದ್ದಲು ಹೊಸ ವಿಷಯವೇ ಬೇಕಾದರೆ, ಇಲ್ಲಿ ಫರ್ಮಾ ಬೇಕಾದಂತೆ, ಅದು ವಿಚಾರಿಸಬೇಕಾದ ತಪ್ಪು. ತಪ್ಪುಗಳನ್ನೆಲ್ಲ ಕೊಂಡಾಡುವ ಹೊಸ ಫ್ಯಾಷನ್ನಿಗೂ ಈ ಮಾತಿಗೂ ಸಂಬಂಧವಿಲ್ಲ.

ಮೂರನೆಯದು ಸಮಯದ್ದು, ಮತ್ತು ಇದಕ್ಕೆ ಸುಲಭದ ಉತ್ತರ ಇಲ್ಲ. ಒಂದು ಲೆಕ್ಕವನ್ನು ಹೀಗೆ ಅಗೆಯಲು ಒಂದು ಸಂಜೆ ಹೋಗುತ್ತದೆ, ಹಾಳೆಯಲ್ಲಿ ಇನ್ನೂ ಏಳು ಲೆಕ್ಕ ಉಳಿದಿರುತ್ತವೆ. ಅದೂ ಅಲ್ಲದೆ ಈ ಮಕ್ಕಳು ಬಂದಿರುವ ದಾರಿಯೇ ಬೇರೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಸೊನ್ನೆ, ಜೆಇಇ ಮೇನ್‌ನಲ್ಲಿ ಸರಿಗೆ ನಾಲ್ಕು, ತಪ್ಪಿಗೆ ಒಂದು ಕಡಿತ. ಓಎಂಆರ್ ಹಾಳೆಯಲ್ಲಾಗಲಿ ಕಂಪ್ಯೂಟರ್ ಪರದೆಯಲ್ಲಾಗಲಿ ಉತ್ತರದ ಗುರುತು ಮಾತ್ರ ಉಳಿಯುತ್ತದೆ; ಅದರ ಹಿಂದಿನ ರಫ್ ವರ್ಕನ್ನು ಯಾರೂ ಓದುವುದಿಲ್ಲ. ಎರಡು ವರ್ಷ ರಫ್ ಹಾಳೆಯನ್ನು ಕಸದಬುಟ್ಟಿಗೆ ಹಾಕಲು ಕಲಿತವರಿಗೆ ಅದನ್ನು ಇಟ್ಟುಕೋ ಎಂದು ಹೇಳುವುದು ಇಪ್ಪತ್ತು ನಿಮಿಷದಲ್ಲಿ ಆಗುವ ಕೆಲಸವಲ್ಲ. ಹಾಗಿದ್ದರೂ ಹಾಳೆಗೊಂದು ಲೆಕ್ಕವನ್ನಾದರೂ ಹೀಗೆ ಅಗೆಯಬಹುದು. ಎಂಟರಲ್ಲಿ ಏಳನ್ನು ಗೆಳೆಯರ ಜೊತೆ ಸೇರಿ ಹೇಗೋ ಮುಗಿಸುವುದು ಹಾಸ್ಟೆಲಿನ ಹಳೆಯ ಪದ್ಧತಿ. ಅದನ್ನು ತಡೆಯಲು ಹೋಗಬೇಕಿಲ್ಲ.

ಚೆನ್ನೈನಲ್ಲಿ ಈ ವಿಷಯ ಎತ್ತಿದಾಗ ಒಬ್ಬರ ಹೆಸರು ಬಾರದೆ ಇರುವುದಿಲ್ಲ. ಶ್ರೀನಿವಾಸ ರಾಮಾನುಜನ್ ಮದ್ರಾಸ್ ಪೋರ್ಟ್ ಟ್ರಸ್ಟಿನ ಗುಮಾಸ್ತರಾಗಿದ್ದಾಗ ಸ್ಲೇಟಿನ ಮೇಲೆ ಲೆಕ್ಕ ಮಾಡುತ್ತಿದ್ದರು. ಕಾಗದ ದುಬಾರಿ. ಸ್ಲೇಟಿನ ಮೇಲೆ ಮಾಡಿ, ಒರೆಸಿ, ಫಲಿತಾಂಶವನ್ನಷ್ಟೇ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಆ ನೋಟ್‌ಬುಕ್ಕುಗಳನ್ನು ನೋಡಿದವರಿಗೆ ಉತ್ತರಗಳು ಆಕಾಶದಿಂದ ಇಳಿದಂತೆ ಕಾಣುತ್ತವೆ, ನಾಮಗಿರಿ ದೇವಿ ಕನಸಿನಲ್ಲಿ ಹೇಳಿದಳು ಎಂಬ ಕತೆಗೆ ಅದು ಪುಷ್ಟಿ ಕೊಡುತ್ತದೆ. ನಿಜದಲ್ಲಿ ಒರೆಸಿಹೋದದ್ದು ಪ್ರಯತ್ನಗಳು. ಗಣಿತದ ವಿದ್ಯಾರ್ಥಿಗೆ ರಾಮಾನುಜನ್ ಅವರನ್ನು ಮಾದರಿಯಾಗಿ ತೋರಿಸುವ ಎಲ್ಲ ಭಾಷಣಗಳಲ್ಲೂ ಈ ಒಂದು ವಿಷಯದಲ್ಲಿ ಅವರು ಮಾದರಿಯಲ್ಲ ಎಂದು ಹೇಳುವುದು ಒಳ್ಳೆಯದು. ಅವರಿಗೆ ಸ್ಲೇಟು ಅನಿವಾರ್ಯವಾಗಿತ್ತು, ಇಂದಿನವರಿಗೆ ಅಲ್ಲ.

ಅವರ ಒಂದು ದೊಡ್ಡ ತಪ್ಪು ಮಾತ್ರ ಉಳಿದುಕೊಂಡಿತು, ಏಕೆಂದರೆ ಅದನ್ನು ಕಾಗದಕ್ಕೆ ಬರೆದು ಅಂಚೆಗೆ ಹಾಕಿದ್ದರು. 1913ರ ಜನವರಿ 16ರಂದು ಕೇಂಬ್ರಿಜ್ಜಿನ ಹಾರ್ಡಿಯವರಿಗೆ ಬರೆದ ಮೊದಲ ಪತ್ರದಲ್ಲಿ, ಒಂದು ಮಿತಿಯೊಳಗೆ ಎಷ್ಟು ಅವಿಭಾಜ್ಯಗಳಿವೆ ಎಂದು ಹೇಳುವ ಸೂತ್ರ ತಮ್ಮ ಬಳಿ ಇದೆ, ಅದರ ವ್ಯತ್ಯಾಸ ಲೆಕ್ಕಕ್ಕೆ ಬಾರದಷ್ಟು ಸಣ್ಣದು ಎಂದು ಹೇಳಿಕೊಂಡರು. ಸೂತ್ರ ಅದ್ಭುತವಾದದ್ದೇ, ರೀಮಾನ್ 1859ರಲ್ಲಿ ಮುಟ್ಟಿದ್ದ ಸೂತ್ರವನ್ನು ಅವರು ಒಂಟಿಯಾಗಿ ಮುಟ್ಟಿದ್ದರು. ಹತ್ತು ಲಕ್ಷದೊಳಗೆ ಇರುವ ಅವಿಭಾಜ್ಯಗಳು 78,498; ಆ ಸೂತ್ರ ಕೊಡುವುದು ಸುಮಾರು 78,527. ವ್ಯತ್ಯಾಸ ಇಪ್ಪತ್ತೊಂಬತ್ತು. ಇಷ್ಟು ಹತ್ತಿರ ಬಂದ ಉದಾಹರಣೆಗಳನ್ನು ನೋಡಿದ ಯಾರಿಗಾದರೂ ನಂಬಿಕೆ ಬರುತ್ತದೆ. ಆದರೆ ವ್ಯತ್ಯಾಸ ಎಂದೆಂದಿಗೂ ಸಣ್ಣದಾಗಿಯೇ ಇರುತ್ತದೆ ಎಂಬುದು ತಪ್ಪು. ಇದು ಹದಿಮೂರು ಹಾಕಿ 53 ಸಿಕ್ಕಿದ್ದಕ್ಕೆ ಖುಷಿಪಟ್ಟ ಹುಡುಗನ ಕತೆಯೇ, ಬಹಳ ಎತ್ತರದಲ್ಲಿ ನಡೆದದ್ದು.

ಹಾರ್ಡಿ ಮಾಡಿದ್ದನ್ನು ಗಮನಿಸಬೇಕು. ‘ತಪ್ಪು’ ಎಂದಷ್ಟೇ ಹೇಳಿ ಅವರು ಬಿಡಲಿಲ್ಲ. ರಾಮಾನುಜನ್ ಅವರ ಅವಿಭಾಜ್ಯ ಸಿದ್ಧಾಂತವು, ರೀಮಾನ್‌ನ ಝೀಟಾ ಫಲನಕ್ಕೆ ಸಮ್ಮಿಶ್ರ ಸಂಖ್ಯೆಗಳಲ್ಲಿ ಸೊನ್ನೆಗಳೇ ಇಲ್ಲದಿದ್ದರೆ ಹೇಗಿರುತ್ತಿತ್ತೋ ಹಾಗಿದೆ ಎಂದು ಅವರು ಮುಂದೆ ವಿವರಿಸಿದರು. ಅಂದರೆ ಮುರಿದ ಸಾಲಿನ ಮೇಲೆ ಬೆರಳಿಟ್ಟರು: ಇಲ್ಲಿ ಒಂದು ಪದವನ್ನು ಬಿಟ್ಟಿದ್ದೀರಿ, ಬಿಟ್ಟದ್ದು ಸಣ್ಣದೆಂದು ಕಾಣುತ್ತದೆ, ಸಣ್ಣದಲ್ಲ. ಆ ವ್ಯತ್ಯಾಸ ಹೇಗೆ ತೂಗಾಡುತ್ತದೆ ಎಂಬುದನ್ನು ಅವರ ಜೊತೆಗಾರ ಲಿಟ್ಲ್‌ವುಡ್ 1914ರಲ್ಲಿ, ಇದಕ್ಕೆ ಹತ್ತಿರದ ಇನ್ನೊಂದು ಸೂತ್ರದ ಮೇಲೆ ಕೆಲಸ ಮಾಡಿ, ತೋರಿಸಿದರು. ಹಾರ್ಡಿ ಆ ಸೋಲನ್ನು ರಾಮಾನುಜನ್ ಅವರ ಗೆಲುವುಗಳಿಗಿಂತ ಕಡಿಮೆ ಎಂದು ಎಣಿಸಲಿಲ್ಲ. ಸುಮ್ಮನೆ ಹೊಗಳಿಕೆ ಅಲ್ಲ ಅದು. ಆ ತಪ್ಪು ಎಲ್ಲಿ ಕೂತಿದೆ ಎಂದು ಅವರಿಗೆ ಗೊತ್ತಿತ್ತು.

ಕ್ಲಬ್ಬಿನ ಹಿರಿಯಳಿಗೆ ಇಷ್ಟೆಲ್ಲ ಹೇಳಲು ಸಮಯ ಸಾಲದು. ಕೊನೆಯ ಎರಡು ನಿಮಿಷವನ್ನು ಅವಳು ಇನ್ನೊಂದು ಜೋಡಿ ಲೆಕ್ಕಕ್ಕೆ ಇಟ್ಟುಕೊಂಡರೆ ಚೆನ್ನ. ಒಂಬತ್ತರಲ್ಲಿ ಕೊನೆಯಾಗುವ ಅವಿಭಾಜ್ಯಗಳು ಅನಂತ ಎಂದು ಇದೇ ದಾರಿಯಲ್ಲಿ ತೋರಿಸಿ. ಏಳರಲ್ಲಿ ಕೊನೆಯಾಗುವವು ಅನಂತ ಎಂದು ಇದೇ ದಾರಿಯಲ್ಲಿ ತೋರಿಸಿ. ಯಾವುದು ಬಗ್ಗುತ್ತದೆ, ಯಾವುದು ಇಲ್ಲ ಎಂದು ಹೇಳಬಾರದು. ಮುರಿದ ಪ್ರತಿ ಪ್ರಯತ್ನವನ್ನೂ ಅದನ್ನು ಮುರಿದ ಸಂಖ್ಯೆಯ ಜೊತೆ ಬರೆದು ಮುಂದಿನ ವಾರ ತರಬೇಕು, ಉತ್ತರ ತರಬೇಕಿಲ್ಲ.

ಒಂಬತ್ತನ್ನು ಹಿಡಿದವರು ತಪ್ಪುತ್ತಾ ತಪ್ಪುತ್ತಾ 5x² − 1 ಎಂಬಲ್ಲಿಗೆ ಬರಬಹುದು. x ಸಮಸಂಖ್ಯೆಯಾದರೆ ಅದು ಒಂಬತ್ತರಲ್ಲೇ ಕೊನೆಯಾಗುತ್ತದೆ, ಅದರ ಅಪವರ್ತನಗಳು ಒಂದರಲ್ಲೋ ಒಂಬತ್ತರಲ್ಲೋ ಮಾತ್ರ ಕೊನೆಯಾಗುತ್ತವೆ. x ಎಂಟಾದಾಗ 319 = 11 × 29. ಒಂದರಲ್ಲಿ ಕೊನೆಯಾಗುವವನ್ನೇ ಗುಣಿಸಿ ಒಂಬತ್ತು ಬರಿಸಲಾಗದು, ಹಾಗಾಗಿ ಒಂಬತ್ತಿನದು ಒಂದಾದರೂ ಸಿಗಲೇಬೇಕು. ಏಳನ್ನು ಹಿಡಿದವರು 10 × 17 + 7 = 177 = 3 × 59 ಎಂದು ಮುರಿಯುತ್ತಾರೆ, ಮೂರನ್ನು ಒಳಗೆ ಹಾಕುತ್ತಾರೆ, ವರ್ಗ ಮಾಡುತ್ತಾರೆ, ಘನ ಮಾಡುತ್ತಾರೆ, ಎಲ್ಲವೂ ಎಲ್ಲೋ ಒಂದು ಕಡೆ ಸೋರುತ್ತದೆ.

ಮುಂದಿನ ವಾರ ಅವರಿಗೆ ಹೇಳಬಹುದಾದದ್ದು ಇದು. ಏಳರಲ್ಲಿ ಕೊನೆಯಾಗುವ ಅವಿಭಾಜ್ಯಗಳು ಅನಂತವಾಗಿವೆ ಎಂಬುದೇನೋ ನಿಜ. ಡಿರಿಕ್ಲೇ 1837ರಲ್ಲಿ ಪೂರ್ತಿ ಬೇರೆ ಉಪಕರಣಗಳಿಂದ ಅದನ್ನು ಸಾಧಿಸಿದ್ದಾರೆ. x²+1 ನಂಥ ಒಂದು ಬಹುಪದೋಕ್ತಿಯನ್ನು ಹಿಡಿದು ಹೋಗುವ ಯೂಕ್ಲಿಡ್ ಬಗೆಯ ದಾರಿ ಮಾತ್ರ ಅಲ್ಲಿಗೆ ತಲುಪುವುದಿಲ್ಲ. ಬೇಕಾದ ಶೇಷವನ್ನು ಅದರಿಂದಲೇ ಗುಣಿಸಿದಾಗ ಶೇಷ ಒಂದು ಬರುವುದಾದರೆ ಈ ಬಗೆಯ ಸಾಧನೆ ಇದೆ ಎಂದು ಶೂರ್ 1912ರಲ್ಲಿ ತೋರಿಸಿದ್ದರು. ಒಂಬತ್ತು ಒಂಬತ್ತಲೇ ಎಂಬತ್ತೊಂದು, ಕೊನೆಗೆ ಒಂದು. ಮೂರು ಮೂರಲೇ ಒಂಬತ್ತು, ನಾಲ್ಕರಿಂದ ಭಾಗಿಸಿದರೆ ಒಂದು. ಏಳು ಏಳಲೇ ನಲವತ್ತೊಂಬತ್ತು, ಕೊನೆಗೆ ಒಂಬತ್ತು. ಹಾಗೆ ಒಂದು ಬಾರದಿದ್ದರೆ ಅಂಥ ಸಾಧನೆ ಇರಲಾರದು ಎಂದು ಎಂ. ರಾಮ್ ಮೂರ್ತಿ ಸಾಧಿಸಿದರು. ಆ ಲೇಖನ ಅಚ್ಚಾದದ್ದು 1988ರಲ್ಲಿ, ಮದ್ರಾಸ್ ವಿಶ್ವವಿದ್ಯಾಲಯದ ಜರ್ನಲ್ಲಿನಲ್ಲಿ.